ರಿಜಿಸ್ಟರ್‌ನಲ್ಲಿ 58 ಅಂಗಡಿ ಇದೆ, ಇಲ್ಲದ ಅಂಗಡಿ ಹುಡುಕೋದು ಹೇಗೆ? (ಲೀಸ್ ಆಡಿಟ್)

ಆರ್ಟಿಕಲ್_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಆರ್ಟಿಕಲ್‌ಶಿಪ್ ಎರಡನೇ ವರ್ಷದಲ್ಲಿದ್ದೇನೆ, ಆಫೀಸು ಬೆಂಗಳೂರಿನಲ್ಲಿ. ಈಗ ಒಂದು ಔಷಧಿ ಅಂಗಡಿಗಳ ಚೈನ್ ಆಡಿಟ್ ನಡೀತಿದೆ. ಹೆಸರು ಕೇಳಬೇಡಿ. ಲೀಸ್ ಭಾಗ ನನ್ನ ತಲೆಗೆ ಬಂದಿದೆ.

ಕ್ಲೈಂಟ್ ಒಂದು ಎಕ್ಸೆಲ್ ರಿಜಿಸ್ಟರ್ ಕೊಟ್ಟರು. ಅದರಲ್ಲಿ 58 ಅಂಗಡಿ. ನಾನು 15 ಆರಿಸಿಕೊಂಡು ಅಗ್ರಿಮೆಂಟ್ ತರಿಸಿ, ಬಾಡಿಗೆ, ಅವಧಿ, ಹೆಚ್ಚಳ ಎಲ್ಲ ನೋಡಿದೆ. ಎಲ್ಲವೂ ತಾಳೆಯಾಯಿತು. ಖುಷಿಯಿಂದ ವರ್ಕಿಂಗ್ ಪೇಪರ್‌ನಲ್ಲಿ "ಕಂಪ್ಲೀಟ್‌ನೆಸ್ ಪರಿಶೀಲಿಸಲಾಗಿದೆ" ಅಂತ ಬರೆದೆ. ಮ್ಯಾನೇಜರ್ ಮೇಡಂ ಅದರ ಕೆಳಗೆ "ಇದು ಕಂಪ್ಲೀಟ್‌ನೆಸ್ ಅಲ್ಲ" ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ್ದಾರೆ. ಹೋಗಿ ಕೇಳಿದರೆ "ಯೋಚನೆ ಮಾಡು" ಅಂದರು. ಎರಡು ದಿನದಿಂದ ಯೋಚನೆ ಮಾಡ್ತಾನೇ ಇದ್ದೇನೆ.

ಇನ್ನೊಂದು. 58ಕ್ಕೂ ಒಂದೇ ಡಿಸ್ಕೌಂಟ್ ದರ, 9% ಹಾಕಿದ್ದಾರೆ. ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ ತೋರಿಸಿದರು, ಅದರಲ್ಲೂ 9% ಇದೆ. ಅದು ಸರಿ ಅಲ್ವಾ?

ಎರಡನೇ_ಗ್ರೂಪ್

ಫಾಲೋಯಿಂಗ್. ನನಗೂ ಇದೇ ಡೌಟು.

ಟ್ಯಾಲಿ_ರಾಜ

ಸುಲಭ ಇದೆ. ಬಾಡಿಗೆ ಕೊಟ್ಟವರಿಗೆಲ್ಲ 194ಐ ಪ್ರಕಾರ ಟಿಡಿಎಸ್ ಹಿಡಿದಿರುತ್ತಾರೆ. 26ಕ್ಯೂ ರಿಟರ್ನ್ ತೆಗೆದು, ಮಾಲೀಕರ ಪ್ಯಾನ್ ಪಟ್ಟಿಯನ್ನು ರಿಜಿಸ್ಟರ್ ಜೊತೆ ತಾಳೆ ಮಾಡಿ. ಮುಗೀತು. ನಾನು ಮೂರು ವರ್ಷದಿಂದ ಇಷ್ಟೇ ಮಾಡೋದು.

ವೋಚರ್_ವಾಸಣ್ಣ

ತಂಗಿ, ನಿಮ್ಮ ಮೇಡಂ ಸರಿಯಾಗೇ ಹೇಳಿದ್ದಾರೆ. ಮದುವೆಗೆ ಯಾರು ಬಂದಿಲ್ಲ ಅಂತ ತಿಳಿಯೋಕೆ ಪಂಕ್ತಿಯಲ್ಲಿ ಊಟಕ್ಕೆ ಕೂತವರನ್ನೇ ಎಣಿಸಿದ ಹಾಗಾಯಿತು ನಿಮ್ಮ ಕೆಲಸ. ರಿಜಿಸ್ಟರ್‌ನಿಂದ ಅಗ್ರಿಮೆಂಟಿಗೆ ಹೋದರೆ, ಬರೆದದ್ದು ನಿಜವಾಗಿ ಇದೆಯಾ, ಸರಿಯಾಗಿ ಬರೆದಿದ್ದಾರಾ ಅನ್ನೋದು ಮಾತ್ರ ಗೊತ್ತಾಗುತ್ತೆ. ಬರೆಯದೇ ಬಿಟ್ಟದ್ದು ಯಾವತ್ತೂ ಸಿಗಲ್ಲ. ಹೊರಗಿನಿಂದ ಹೊರಟು ರಿಜಿಸ್ಟರ್‌ಗೆ ಬರಬೇಕು.

ಹೊರಗಿನದ್ದು ಅಂದರೆ ಅಕೌಂಟ್ಸ್ ವಿಭಾಗ ಮಾಡದ ಪಟ್ಟಿ. ನಿಮ್ಮದು ಔಷಧಿ ಅಂಗಡಿ, ಅದೃಷ್ಟ. ಡ್ರಗ್ ಲೈಸೆನ್ಸ್ ಪ್ರತಿ ಜಾಗಕ್ಕೂ ಬೇರೆ ಬೇರೆ ಇರಬೇಕು, ಲೈಸೆನ್ಸ್ ಇಲ್ಲದೆ ಒಂದು ಮಾತ್ರೆ ಮಾರೋ ಹಾಗಿಲ್ಲ. ಅದನ್ನು ನೋಡಿಕೊಳ್ಳೋರು ಫಾರ್ಮಸಿ ಆಪರೇಷನ್ಸ್‌ನವರು. ಅವರ ಹತ್ತಿರ ಹೋಗಿ ಪಟ್ಟಿ ಕೇಳಿ. ಆಮೇಲೆ ಜಿಎಸ್‌ಟಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್. ಅದರ ಹಿಂದಿನ ಪುಟಗಳಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳಗಳ ವಿಳಾಸ ಒಂದೊಂದಾಗಿ ಇರುತ್ತೆ. ಈ ಎರಡನ್ನೂ 58ರ ಪಕ್ಕ ಇಟ್ಟು ನೋಡಿ.

ರಾಜ ಹೇಳಿದ ಟಿಡಿಎಸ್ ತಾಳೆ ಒಳ್ಳೇದೇ, ಆದರೆ ಅಷ್ಟಕ್ಕೇ ಮುಗಿಯಲ್ಲ. 2025ರ ಏಪ್ರಿಲ್‌ನಿಂದ ತಿಂಗಳ ಬಾಡಿಗೆ 50,000 ದಾಟಿದರೆ ಮಾತ್ರ 194ಐ. ಚಿಕ್ಕ ಊರಿನಲ್ಲಿ 22,000 ಬಾಡಿಗೆಯ ಅಂಗಡಿ ಅಲ್ಲಿ ಕಾಣೋದೇ ಇಲ್ಲ.

ಟ್ಯಾಲಿ_ರಾಜ

ಹೌದಲ್ಲ. ಮೊದಲು ವರ್ಷಕ್ಕೆ 2,40,000 ಇತ್ತು, ಆಗ ತಿಂಗಳಿಗೆ 20,000 ದಾಟಿದರೆ ಸಿಗ್ತಿತ್ತು. ಮಿತಿ ಏರಿದ ಮೇಲೆ ನನ್ನ ತಾಳೆಯಲ್ಲಿ ತೂತು ಜಾಸ್ತಿ ಆಗಿದೆ ಅನ್ನೋದು ಹೊಳೆದೇ ಇರಲಿಲ್ಲ.

ವೋಚರ್_ವಾಸಣ್ಣ

ಆ ತೂತು ಮುಚ್ಚೋಕೆ ಇನ್ನೊಂದು ದಾರಿ ಬಂದಿದೆ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಜಾಗ ಬಾಡಿಗೆಗೆ ತಗೊಂಡರೆ ತೆರಿಗೆಯನ್ನು ಬಾಡಿಗೆದಾರ ಕಂಪನಿಯೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕು. ಅದಕ್ಕೆ ಮಿತಿ ಇಲ್ಲ. ಹಾಗಾಗಿ ಚಿಕ್ಕ ಮಾಲೀಕರೆಲ್ಲ ಆ ಪಟ್ಟಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ದೊಡ್ಡವರಿಗೆ 26ಕ್ಯೂ, ಚಿಕ್ಕವರಿಗೆ ರಿವರ್ಸ್ ಚಾರ್ಜ್ ವರ್ಕಿಂಗ್. ಎರಡನ್ನೂ ಸೇರಿಸಿ ನೋಡಿ.

ಬಾಡಿಗೆ_ಮಾಲೀಕ

ನಮಸ್ಕಾರ, ನಾನು ಅಕೌಂಟ್ಸ್‌ನವನಲ್ಲ. ಹೆಡ್ಡಿಂಗ್‌ನಲ್ಲಿ ಲೀಸ್ ಅಂತ ನೋಡಿ ಬಂದೆ. ದಾವಣಗೆರೆಯಲ್ಲಿ ನಮ್ಮ ಮೇಲಿನ ಮನೆ ಲೀಸ್‌ಗೆ ಕೊಡೋದಿದೆ. 12 ಲಕ್ಷ ಕೇಳಬಹುದಾ, ಮೂರು ವರ್ಷಕ್ಕೆ? ಕೆಳಗಡೆ ಅಂಗಡಿ ಬಾಡಿಗೆಗೆ ಇದೆ, ಅದರ ತೊಂದರೆ ಇಲ್ಲ.

ಎರಡನೇ_ಗ್ರೂಪ್

ಸರ್, ಇದು ಆ ಲೀಸ್ ಅಲ್ಲ 😄

ವೋಚರ್_ವಾಸಣ್ಣ

ನಗಬೇಡಪ್ಪ. ಅವರು ಗೊತ್ತಿಲ್ಲದೆ ಒಳ್ಳೆ ಪಾಯಿಂಟ್ ಎತ್ತಿದ್ದಾರೆ. ನಮ್ಮ ಕಡೆ ಲೀಸ್ ಅಂದರೆ ಭೋಗ್ಯ. ದೊಡ್ಡ ಮೊತ್ತ ಕೊಟ್ಟು ಕೂರೋದು, ತಿಂಗಳ ಬಾಡಿಗೆ ಸೊನ್ನೆ, ಬಿಡುವಾಗ ಪೂರ್ತಿ ಹಣ ವಾಪಸ್. ಕಂಪನಿಗಳೂ ಇದನ್ನು ಮಾಡುತ್ತವೆ. ನಾನು ನೋಡಿದ ಒಂದು ಕಂಪನಿ, ಹೆಸರು ಬೇಡ, ಊರಿಂದ ಬರೋ ಸ್ಟಾಫ್ ಇಳಿಯೋಕೆ ಒಂದು ಮನೆಯನ್ನು 25 ಲಕ್ಷ ಕೊಟ್ಟು 3 ವರ್ಷಕ್ಕೆ ಭೋಗ್ಯಕ್ಕೆ ತಗೊಂಡಿತ್ತು. ಬಾಡಿಗೆ ಲೆಡ್ಜರ್‌ನಲ್ಲಿ ಒಂದು ರೂಪಾಯಿ ಇಲ್ಲ. ಟಿಡಿಎಸ್ ಇಲ್ಲ. ರಿವರ್ಸ್ ಚಾರ್ಜ್ ವರ್ಕಿಂಗ್‌ನಲ್ಲೂ ಇಲ್ಲ. ಡ್ರಗ್ ಲೈಸೆನ್ಸ್ ಪ್ರಶ್ನೆಯೇ ಇಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ? ಡೆಪಾಸಿಟ್ ಲೆಡ್ಜರ್‌ನಲ್ಲಿ. ವಿದ್ಯುತ್ ಡೆಪಾಸಿಟ್, ಟೆಲಿಫೋನ್ ಡೆಪಾಸಿಟ್‌ಗಳ ಮಧ್ಯೆ "ಗೆಸ್ಟ್ ಹೌಸ್ – 25,00,000" ಅಂತ ಸುಮ್ನೆ ಕೂತಿತ್ತು.

ಇದು ಪಕ್ಕಾ ಲೀಸ್. ಬಾಡಿಗೆ ಬದಲು ಬಡ್ಡಿ ಬಿಟ್ಟುಕೊಟ್ಟಿದ್ದಾರೆ, ಅಷ್ಟೇ. ಮೂರು ವರ್ಷ ಆದ ಮೇಲೆ ಬರೋ 25 ಲಕ್ಷಕ್ಕೆ 9%ರಂತೆ ಇವತ್ತಿನ ಬೆಲೆ ಸುಮಾರು 19.10 ಲಕ್ಷ. ಉಳಿದ 5.90 ಲಕ್ಷ ಮುಂಗಡ ಕೊಟ್ಟ ಬಾಡಿಗೆ ಇದ್ದ ಹಾಗೆ, ಅದು ರೈಟ್ ಆಫ್ ಯೂಸ್ ಆಸ್ತಿ ಆಗುತ್ತೆ. ಲೀಸ್ ಲಯಬಿಲಿಟಿ ಇಲ್ಲದ ಲೀಸ್, ಅದಕ್ಕೇ ಕಣ್ಣು ತಪ್ಪಿಸಿಕೊಳ್ಳೋದು.

@ಬಾಡಿಗೆ_ಮಾಲೀಕ, 12 ಲಕ್ಷ ಸರಿಯಾ ತಪ್ಪಾ ನಮಗೆ ಗೊತ್ತಿಲ್ಲ ಸ್ವಾಮಿ. ಬ್ರೋಕರ್ ಕೇಳಿ.

ಫೈನಾನ್ಸ್_ಗೌಡ್ರು

ನಾನು ಮೇಜಿನ ಆಚೆ ಕಡೆಯವನು, ಒಂದು ರಿಟೇಲ್ ಕಂಪನಿಯ ಫೈನಾನ್ಸ್‌ನಲ್ಲಿದ್ದೇನೆ. ಆಡಿಟರ್‌ಗಳು ಬಂದು "ಡ್ರಗ್ ಲೈಸೆನ್ಸ್ ಕೊಡಿ, ಕರೆಂಟ್ ಬಿಲ್ ಕೊಡಿ" ಅಂದರೆ ನಮ್ಮ ಕಥೆ ಏನು ಅಂತ ಯಾರಾದರೂ ಯೋಚಿಸಿದ್ದೀರಾ? ಪಟ್ಟಿಯಲ್ಲಿ ಇಲ್ಲದ್ದೆಲ್ಲ ತಪ್ಪಲ್ಲ. 11 ತಿಂಗಳ ಅಗ್ರಿಮೆಂಟ್ ಇರೋ ಅಂಗಡಿಗಳನ್ನು ನಾವು ಬೇಕಂತಲೇ ಹೊರಗೆ ಇಟ್ಟಿರುತ್ತೇವೆ. 12 ತಿಂಗಳೊಳಗಿನದು ಶಾರ್ಟ್ ಟರ್ಮ್, ಬಾಡಿಗೆ ಖರ್ಚಿಗೆ ಹಾಕಿ ಸುಮ್ಮನಿರಬಹುದು. ಸ್ಟ್ಯಾಂಡರ್ಡ್‌ನಲ್ಲೇ ಇದೆ.

ವೋಚರ್_ವಾಸಣ್ಣ

ಗೌಡ್ರೆ, 11 ತಿಂಗಳ ಅಗ್ರಿಮೆಂಟ್ ಯಾಕೆ ಮಾಡ್ತಾರೆ ಹೇಳಿ. ಒಂದು ವರ್ಷ ದಾಟಿದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ನೋಂದಣಿ ಮಾಡಿಸಬೇಕು, ಅದು ತಪ್ಪಿಸೋಕೆ. ಅಂಗಡಿ 11 ತಿಂಗಳಿಗೆ ಖಾಲಿ ಮಾಡೋ ಯೋಚನೆ ಯಾರಿಗೂ ಇರಲ್ಲ. ಇಂಡ್ ಎಎಸ್ 116 ಕೇಳೋದು ಕಾಗದದ ಮೇಲಿನ ತಿಂಗಳಲ್ಲ, ಎಷ್ಟು ಕಾಲ ಇರೋದು ಖಚಿತ ಅನ್ನಬಹುದು ಅನ್ನೋದು.

ಫೈನಾನ್ಸ್_ಗೌಡ್ರು

ಅರ್ಧ ಹೇಳಿದಿರಿ. ನಮಗೆ ಇರೋ ಆಸೆ ಮಾತ್ರ ಸಾಲದು, ಹಕ್ಕು ಇರಬೇಕು. 11 ತಿಂಗಳು ಆದ ಮೇಲೆ ಮಾಲೀಕ "ಆಗಲ್ಲ, ಹೊರಡಿ" ಅಂದರೆ ನಾವು ಹೊರಡಲೇಬೇಕು. ಇಬ್ಬರೂ ಒಬ್ಬರನ್ನೊಬ್ಬರು ಕೇಳದೆ, ದೊಡ್ಡ ದಂಡ ಇಲ್ಲದೆ ಬಿಟ್ಟು ಹೋಗಬಹುದಾದರೆ ಅದರಾಚೆಗೆ ಕರಾರೇ ಇಲ್ಲ. ಇದೂ ಅದೇ ಸ್ಟ್ಯಾಂಡರ್ಡ್‌ನಲ್ಲಿದೆ.

ವೋಚರ್_ವಾಸಣ್ಣ

ಇದೆ, ಒಪ್ಪಿದೆ. ಆದರೆ "ದಂಡ" ಅಂದರೆ ಅಗ್ರಿಮೆಂಟಿನಲ್ಲಿ ಬರೆದ ಮೊತ್ತ ಮಾತ್ರ ಅಲ್ಲ. ಐಎಫ್‌ಆರ್‌ಎಸ್ ವ್ಯಾಖ್ಯಾನ ಸಮಿತಿ 2019ರ ನವೆಂಬರ್‌ನಲ್ಲಿ ಹೇಳಿದ್ದು ಇದನ್ನೇ, ಕರಾರಿನ ಇಡೀ ಆರ್ಥಿಕ ಲೆಕ್ಕ ನೋಡಿ ಅಂತ. 18 ಲಕ್ಷ ಹಾಕಿ ರ್‍ಯಾಕ್, ಎಸಿ, ಗಾಜಿನ ಬಾಗಿಲು ಮಾಡಿಸಿದ ಅಂಗಡಿಯನ್ನು ಬಿಟ್ಟು ಎದ್ದು ಹೋದರೆ ಆ 18 ಲಕ್ಷ ಮುಳುಗುತ್ತೆ. ಅದೂ ದಂಡವೇ.

ಹಾಗಾಗಿ ನಾನು ಮೊದಲು ನೋಡೋದು ಫಿಕ್ಸೆಡ್ ಅಸೆಟ್ ರಿಜಿಸ್ಟರ್. ಅಂಗಡಿಯ ಇಂಟೀರಿಯರ್‌ಗೆ ಎಷ್ಟು ವರ್ಷ ಸವಕಳಿ ಹಾಕಿದ್ದಾರೆ? ಲೀಸ್ 11 ತಿಂಗಳು ಅಂದವರೇ ಇಂಟೀರಿಯರ್ 9 ವರ್ಷ ಬಾಳುತ್ತೆ ಅಂತ ಬರೆದಿರುತ್ತಾರೆ. ಎರಡರಲ್ಲಿ ಒಂದು ಸುಳ್ಳು.

ಫೈನಾನ್ಸ್_ಗೌಡ್ರು

ನಮ್ಮಲ್ಲಿ ಒಂದು ಅಂಗಡಿಯಲ್ಲಿ ಹಾಗೇ ಇದೆ, ಸುಮ್ನೆ ಹೇಳ್ತೀನಿ 😐 ಆದರೆ ಎಲ್ಲ ಅಂಗಡಿಗೂ ಇದೇ ತರ್ಕ ಹಾಕಬೇಡಿ. ಎರಡು ರ್‍ಯಾಕ್ ಇಟ್ಟು ಕೂತ ಕೌಂಟರ್ ಅಂಗಡಿಗಳೂ ಇವೆ. ಅಲ್ಲಿ 18 ಲಕ್ಷ ಎಲ್ಲಿಂದ ಬರಬೇಕು?

ಬಡ್ಡಿ_ಬಸು

9% ಪ್ರಶ್ನೆ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೀನಿ. ಸಾಲದ ವಿಭಾಗದಲ್ಲಿ ಕೆಲಸ ನನ್ನದು.

ಮೊದಲು ಕೇಳಬೇಕಾದ್ದು: ಆ ಸ್ಯಾಂಕ್ಷನ್ ಲೆಟರ್ ಯಾವ ಸಾಲದ್ದು? ನೂರಕ್ಕೆ ತೊಂಬತ್ತು ಸಲ ಅದು ಕ್ಯಾಶ್ ಕ್ರೆಡಿಟ್. ಅದು ವರ್ಷ ವರ್ಷ ನವೀಕರಣ ಆಗೋದು, ದರ ಏರಿಳಿಯೋದು, ಅಡವು ಸ್ಟಾಕಿನ ಮೇಲೆ. ಲೀಸ್‌ಗೆ ಬೇಕಾದ್ದು ಬೇರೆ. ಈ ಕಂಪನಿ, ಇಂಥದ್ದೇ ಅವಧಿಗೆ, ಇಂಥದ್ದೇ ಭದ್ರತೆ ಕೊಟ್ಟು, ಈ ಆಸ್ತಿಯ ಬೆಲೆಯಷ್ಟು ಹಣ ಸಾಲ ತಂದರೆ ಏನು ಬಡ್ಡಿ ಬೀಳುತ್ತಿತ್ತು ಅನ್ನೋದು. 3 ವರ್ಷಕ್ಕೆ ಒಂದು, 9 ವರ್ಷಕ್ಕೆ ಒಂದು. 58ಕ್ಕೂ ಒಂದೇ ಆಗೋಕೆ ಸಾಧ್ಯವೇ ಇಲ್ಲ.

ಎರಡನೆಯದು ದಿನಾಂಕ. ದರ ನಿಲ್ಲೋದು ಲೀಸ್ ಶುರುವಾದ ದಿನದ್ದು. 2020ರ ಮೇ ತಿಂಗಳಿಂದ ಎರಡು ವರ್ಷ ರೆಪೊ 4% ಇತ್ತು, 2023ರ ಫೆಬ್ರವರಿಯಿಂದ 6.5%. 2021ರಲ್ಲಿ ಬೀಗ ತೆಗೆದ ಅಂಗಡಿಗೂ 2023ರಲ್ಲಿ ತೆಗೆದದ್ದಕ್ಕೂ ಅದೇ 9% ಅಂದರೆ ಯಾರೋ ಒಂದೇ ಸೆಲ್ ಎಳೆದು ಕೆಳಗಿನವರೆಗೂ ಕಾಪಿ ಮಾಡಿದ್ದಾರೆ. ಹಾಗಂತ 2025ರಲ್ಲಿ ರೆಪೊ ಇಳಿಯಿತು ಅಂತ ಹಳೆ ಲೀಸ್‌ಗಳ ದರ ಇಳಿಸೋ ಹಾಗೂ ಇಲ್ಲ. ಅವಧಿಯ ಅಂದಾಜು ಬದಲಾದರೆ ಆ ದಿನದ ಹೊಸ ದರ. ಸುಮ್ನೆ ಕಾಲ ಕಳೆದರೆ ಹಳೇದೇ.

ಆರ್ಟಿಕಲ್_ಹುಬ್ಬಳ್ಳಿ

ಬಸು ಸರ್, ಸ್ಯಾಂಕ್ಷನ್ ಲೆಟರ್ ಈಗ ತೆಗೆದು ನೋಡಿದೆ. ಕ್ಯಾಶ್ ಕ್ರೆಡಿಟ್‌ದೇ ರೀ! ಆದರೆ ಈ ದರದಿಂದ ಎಷ್ಟು ವ್ಯತ್ಯಾಸ ಆಗುತ್ತೆ? ಗಲಾಟೆ ಮಾಡೋಷ್ಟು ಆಗುತ್ತಾ?

ಬಡ್ಡಿ_ಬಸು

ಒಂದು ಅಂಗಡಿಯ ವಿವರ ಹಾಕಿ, ಲೆಕ್ಕ ಮಾಡಿಯೇ ನೋಡೋಣ. ಊರು, ಹೆಸರು ಬೇಡ.

ಆರ್ಟಿಕಲ್_ಹುಬ್ಬಳ್ಳಿ

ಒಂದು ಅಂಗಡಿ, ಅಂಕಿ ರೌಂಡ್ ಮಾಡಿದ್ದೇನೆ. ಬಾಡಿಗೆ ತಿಂಗಳಿಗೆ 1,00,000, ತಿಂಗಳ ಮೊದಲೇ ಕೊಡೋದು. ಅಗ್ರಿಮೆಂಟ್ 9 ವರ್ಷ, ನೋಂದಣಿ ಆಗಿದೆ. ಮೂರು ವರ್ಷಕ್ಕೊಮ್ಮೆ 15% ಏರಿಕೆ. ಡೆಪಾಸಿಟ್ 10 ಲಕ್ಷ, ಬಡ್ಡಿ ಇಲ್ಲ. ಮೊದಲ 3 ವರ್ಷ ಲಾಕ್‌ಇನ್. ಆಮೇಲೆ ಕಂಪನಿ 3 ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಮಾಲೀಕರು 9 ವರ್ಷದವರೆಗೂ ಬಿಡಿಸೋ ಹಾಗಿಲ್ಲ. ರಿಜಿಸ್ಟರ್‌ನಲ್ಲಿ ಅವಧಿ 3 ವರ್ಷ ಅಂತ ಹಾಕಿದ್ದಾರೆ.

ಬಡ್ಡಿ_ಬಸು

ಮೂರು ವರ್ಷಕ್ಕೆ, ತಿಂಗಳಿಗೆ 0.75%, ಮುಂಗಡ ಬಾಡಿಗೆ:

```
=PV(0.75%,36,-100000,0,1)
```

31.68 ಲಕ್ಷ ಬರುತ್ತೆ. ಕೊನೆಯ 1 ಮರೆಯಬೇಡಿ, ಅದು ತಿಂಗಳ ಮೊದಲಿಗೆ ಕೊಡೋದಕ್ಕೆ. ಅದೇ ಬಾಡಿಗೆಯನ್ನು 12%ಕ್ಕೆ ಹಾಕಿದರೆ 30.41 ಲಕ್ಷ. ದರ ಮೂರು ಪಾಯಿಂಟ್ ಹೆಚ್ಚಿಸಿದರೂ ಇಳಿದದ್ದು 1.27 ಲಕ್ಷ ಮಾತ್ರ.

ಈಗ 9 ವರ್ಷ ಅಂತ ತಗೊಳ್ಳಿ, ಎರಡೂ ಏರಿಕೆ ಸೇರಿಸಿ. 9%ಕ್ಕೆ 83.99 ಲಕ್ಷ, 12%ಕ್ಕೆ 74.50 ಲಕ್ಷ. ಈಗ ದರದಿಂದಲೇ ಒಂಬತ್ತೂವರೆ ಲಕ್ಷ ವ್ಯತ್ಯಾಸ. ಆದರೆ ದೊಡ್ಡ ಹುಲಿ ದರ ಅಲ್ಲ, ನೋಡಿ. ಅವಧಿ 3 ಅಂದರೆ 32 ಲಕ್ಷವೂ ಇಲ್ಲ, 9 ಅಂದರೆ 84 ಲಕ್ಷ. ನೀವು 9%ರ ಮೇಲೆ ಜಗಳ ಆಡ್ತಾ ಕೂತರೆ ಕ್ಲೈಂಟ್ ಒಳಗೊಳಗೇ ಖುಷಿಪಡುತ್ತಾರೆ.

ವೋಚರ್_ವಾಸಣ್ಣ

ಬಸು, ಇದನ್ನೇ ನಾನು ಹೇಳಬೇಕೆಂದಿದ್ದೆ. ಮೊದಲು ಅಂಗಡಿ ಎಷ್ಟು, ಆಮೇಲೆ ವರ್ಷ ಎಷ್ಟು, ಕೊನೆಗೆ ದರ. ಆಡಿಟ್ ಸಮಯವೂ ಅದೇ ಕ್ರಮದಲ್ಲಿ ಹಂಚಬೇಕು. ನಮ್ಮ ಹುಡುಗರು ಉಲ್ಟಾ ಮಾಡ್ತಾರೆ, ಯಾಕಂದರೆ ದರದ ಲೆಕ್ಕ ಎಸಿ ರೂಮಲ್ಲಿ ಕೂತು ಮಾಡಬಹುದು.

ತಂಗಿ, ಆ ಅಂಗಡಿಯ ಡೆಪಾಸಿಟ್ ಶೀಟ್ ತೆಗೆದು, 10 ಲಕ್ಷ ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅಂತ ಹಾಕಿದ್ದಾರೆ ನೋಡಿ. ಇಂಟೀರಿಯರ್ ಸವಕಳಿಯನ್ನೂ ನೋಡಿ.

ದುಬೈ_ಮಂಜ

ಇಲ್ಲಿ ಬಾಡಿಗೆಗೆ ವರ್ಷದ ಮುಂಚೆಯೇ ನಾಲ್ಕು ಪೋಸ್ಟ್ ಡೇಟೆಡ್ ಚೆಕ್ ಬರೆದು ಕೊಡಬೇಕು. ಒಂದು ಕಂಪನಿ ಶೀಟ್‌ನಲ್ಲಿ ಅದನ್ನು ಹನ್ನೆರಡು ತಿಂಗಳಾಗಿ ಹರಡಿದ್ದರು. ಎರಡು ವರ್ಷ ಯಾರೂ ನೋಡಿರಲಿಲ್ಲ. ನಾನು ಹಿಡಿದೆ ಅಂತ ಬಾಸ್ ಬಿರಿಯಾನಿ ಕೊಡಿಸಿದರು.

ಎರಡನೇ_ಗ್ರೂಪ್

ಬಿರಿಯಾನಿಗೋಸ್ಕರ ಆದರೂ ಆಡಿಟ್ ಕಲೀಬೇಕು.

ಟ್ಯಾಲಿ_ರಾಜ

ಒಂದು ಮೂಲ ಪ್ರಶ್ನೆ. ನಮ್ಮ ಕ್ಲೈಂಟ್ ಚಿಕ್ಕ ಪ್ರೈವೇಟ್ ಕಂಪನಿ, ನಾಲ್ಕು ಬೇಕರಿ. ಇದೆಲ್ಲ ಮಾಡಬೇಕಾ?

ವೋಚರ್_ವಾಸಣ್ಣ

ಇಲ್ಲ. ಲಿಸ್ಟ್ ಆಗಿಲ್ಲ, ನೆಟ್‌ವರ್ತ್ 250 ಕೋಟಿ ಮುಟ್ಟಿಲ್ಲ, ಅಂಥ ಗುಂಪಿನ ಕಂಪನಿಯೂ ಅಲ್ಲ ಅಂದರೆ ಇಂಡ್ ಎಎಸ್ ಬರಲ್ಲ. ಹಳೆ ಎಎಸ್ 19 ಸಾಕು, ಅಲ್ಲಿ ಅಂಗಡಿ ಬಾಡಿಗೆ ಖರ್ಚಾಗಿ ಹೋಗುತ್ತೆ. ಬೇಕರಿಯಿಂದ ಬರುವಾಗ ಬೆಣ್ಣೆ ಬಿಸ್ಕತ್ತು ತನ್ನಿ.

ಬಾಡಿಗೆ_ಮಾಲೀಕ

ನಾನು ಇನ್ನೂ ಓದ್ತಾ ಇದ್ದೇನೆ, ಮಜಾ ಇದೆ. ನಮ್ಮ ಕೆಳಗಿನ ಅಂಗಡಿ ಒಂದು ಕಂಪನಿಗೇ ಕೊಟ್ಟಿರೋದು. ಅಗ್ರಿಮೆಂಟ್‌ನಲ್ಲಿ ಬಾಡಿಗೆ 35,000. ಆದರೆ ಎರಡು ವರ್ಷದ ಹಿಂದೆ ಪಕ್ಕದ ಗೋಡೌನೂ ಬೇಕು ಅಂದರು, ಕೊಟ್ಟೆ. ಈಗ 46,000 ಬರುತ್ತೆ. ಹೊಸ ಅಗ್ರಿಮೆಂಟ್ ಮಾಡಿಲ್ಲ. ಅವರ ಏರಿಯಾ ಮ್ಯಾನೇಜರ್ ವಾಟ್ಸಾಪ್‌ನಲ್ಲಿ "ಓಕೆ ಸರ್" ಅಂತ ಹಾಕಿದ್ದಾನೆ, ಅಷ್ಟೇ. ಇದೂ ನಿಮ್ಮ ಲೆಕ್ಕಕ್ಕೆ ಬರುತ್ತಾ?

ವೋಚರ್_ವಾಸಣ್ಣ

ಬರುತ್ತೆ ಸ್ವಾಮಿ, ಚೆನ್ನಾಗಿ ಬರುತ್ತೆ. ನಿಮ್ಮ ಗೋಡೌನು ಅವರ ಹೆಡ್ ಆಫೀಸಿನ ರಿಜಿಸ್ಟರ್‌ನಲ್ಲಿ ಇರೋದು ಅನುಮಾನ. ಆಡಿಟರ್ ಅಗ್ರಿಮೆಂಟ್ ತೆಗೆದು ನೋಡಿದರೆ 35,000, ರಿಜಿಸ್ಟರ್‌ನಲ್ಲೂ 35,000, ಸರಿ ಅಂತ ಟಿಕ್ ಹಾಕಿ ಹೋಗುತ್ತಾರೆ. ಆ 11,000 ಬೇರೆ ಯಾವುದೋ ಖರ್ಚಿನಲ್ಲಿ ಹೋಗ್ತಿರುತ್ತೆ.

ಇದನ್ನು ಹಿಡಿಯೋ ದಾರಿ ಒಂದೇ. ಮಾಲೀಕರ ಖಾತೆಗೆ ಬ್ಯಾಂಕಿನಿಂದ ತಿಂಗಳು ತಿಂಗಳು ಹೋದ ಹಣವನ್ನು ರಿಜಿಸ್ಟರ್‌ನ ಬಾಡಿಗೆ ಜೊತೆ ಇಟ್ಟು ನೋಡೋದು. ಟಿಡಿಎಸ್, ಜಿಎಸ್‌ಟಿ ಸರಿಮಾಡಿದ ಮೇಲೂ ತಾಳೆ ಆಗದಿದ್ದರೆ, ಒಂದೋ ಕರಾರು ಬದಲಾಗಿದೆ, ಇಲ್ಲ ಹೊಸ ಜಾಗ ಸೇರಿದೆ. ಬಾಡಿಗೆ ಲೆಡ್ಜರ್ ಒಂದನ್ನೇ ನೋಡಬೇಡಿ. ಗೋಡೌನ್ ಖರ್ಚು, ಹೈರ್ ಚಾರ್ಜಸ್, ಮೇಂಟೆನೆನ್ಸ್ ಎಲ್ಲದರಲ್ಲೂ ಆ ಮಾಲೀಕರ ಹೆಸರು ಹುಡುಕಿ.

ಆರ್ಟಿಕಲ್_ಹುಬ್ಬಳ್ಳಿ

ನಾಲ್ಕು ದಿನ ಬಿಟ್ಟು ಬರ್ತಿದ್ದೇನೆ, ಕ್ಷಮಿಸಿ. ಎಲ್ಲ ಮಾಡಿದೆ.

ಫಾರ್ಮಸಿ ಆಪರೇಷನ್ಸ್‌ನವರು ಒಂದು ದಪ್ಪ ಫೈಲ್ ಕೊಟ್ಟರು, ಪ್ರತಿ ಅಂಗಡಿಗೂ ಒಂದು ಪ್ಲಾಸ್ಟಿಕ್ ಕವರ್, ಒಳಗೆ ಲೈಸೆನ್ಸ್ ಮತ್ತು ಅಂಗಡಿಯ ನಕ್ಷೆ. ಎಣಿಸಿದೆ, 62. ರಿಜಿಸ್ಟರ್‌ನಲ್ಲಿ 58. ನಾಲ್ಕೇ ಹೆಚ್ಚು ಅಂದುಕೊಂಡೆ. ಒಂದೊಂದಾಗಿ ವಿಳಾಸ ತಾಳೆ ಮಾಡಿದರೆ ಐದು ಹೊಸವು, ಮತ್ತೆ ರಿಜಿಸ್ಟರ್‌ನಲ್ಲಿದ್ದ ಒಂದಕ್ಕೆ ಲೈಸೆನ್ಸೇ ಇಲ್ಲ. ಆ ಅಂಗಡಿ ಹೋದ ಅಕ್ಟೋಬರ್‌ನಲ್ಲೇ ಮುಚ್ಚಿದೆಯಂತೆ. ಅಂಗಡಿ ಇಲ್ಲ, ಆಸ್ತಿಗೆ ಸವಕಳಿ ಮಾತ್ರ ನಡೀತಾ ಇದೆ.

ಐದರಲ್ಲಿ ಮೂರು 11 ತಿಂಗಳ ಅಗ್ರಿಮೆಂಟಿನವು. ನಾಲ್ಕನೆಯದು ಒಬ್ಬ ಡೈರೆಕ್ಟರ್‌ರ ಹೆಂಡತಿಯ ಕಟ್ಟಡ, ಬಾಡಿಗೆ ಪ್ರೊಫೆಷನಲ್ ಫೀಸ್ ಲೆಡ್ಜರ್‌ನಲ್ಲಿ ಹೋಗ್ತಿತ್ತು. ಐದನೆಯದಕ್ಕೆ ಎಲ್ಲೂ ಬಾಡಿಗೆ ಇಲ್ಲ, 26ಕ್ಯೂನಲ್ಲಿ ಇಲ್ಲ, ರಿವರ್ಸ್ ಚಾರ್ಜ್‌ನಲ್ಲಿ ಇಲ್ಲ. ನೋಡಿದರೆ ಫೆಬ್ರವರಿ 10ಕ್ಕೆ ಕೀಲಿ ತಗೊಂಡು ಇಂಟೀರಿಯರ್ ಶುರು ಮಾಡಿದ್ದಾರೆ, ಬಾಡಿಗೆ ಏಪ್ರಿಲ್‌ನಿಂದ. ಲೈಸೆನ್ಸ್ ಮಾರ್ಚ್‌ನಲ್ಲಿ ಬಂದಿದೆ.

ಬಡ್ಡಿ_ಬಸು

ಕೊನೆಯದು ಕ್ಲಾಸಿಕ್. ಲೀಸ್ ಶುರುವಾಗೋದು ಕೀಲಿ ಕೈಗೆ ಬಂದ ದಿನ, ಬಾಡಿಗೆ ಶುರುವಾದ ದಿನ ಅಲ್ಲ. ಫೆಬ್ರವರಿ 10ರ ದರ ಹಾಕಿ ಲಯಬಿಲಿಟಿ ತರಬೇಕು, ಅವತ್ತಿಂದಲೇ ಸವಕಳಿ.

ಆರ್ಟಿಕಲ್_ಹುಬ್ಬಳ್ಳಿ

ಹೌದು ಸರ್, ಅದನ್ನು ಕ್ಲೈಂಟ್ ಒಪ್ಪಿದರು. ಡೈರೆಕ್ಟರ್ ಕಟ್ಟಡದ ವಿಷಯ ಮೇಡಂ ಪಾರ್ಟ್ನರ್ ಹತ್ತಿರ ತಗೊಂಡು ಹೋಗಿದ್ದಾರೆ, ಅದು ರಿಲೇಟೆಡ್ ಪಾರ್ಟಿ ಕಡೆಗೂ ಹೋಯಿತು, ನನ್ನ ಕೈಯಲ್ಲಿಲ್ಲ.

ಆ 9 ವರ್ಷದ ಅಂಗಡಿಗೆ ವಾಸಣ್ಣ ಸರ್ ಹೇಳಿದ ಹಾಗೆ ನೋಡಿದೆ. ಲೀಸ್ ಶೀಟ್‌ನಲ್ಲಿ 3 ವರ್ಷ. ಡೆಪಾಸಿಟ್ ಶೀಟ್‌ನಲ್ಲಿ 10 ಲಕ್ಷ 9 ವರ್ಷ ಆದ ಮೇಲೆ ಬರುತ್ತೆ ಅಂತ ಹಾಕಿ, 4.46 ಲಕ್ಷಕ್ಕೆ ಇಳಿಸಿ, 5.54 ಲಕ್ಷ ರೈಟ್ ಆಫ್ ಯೂಸ್ ಆಸ್ತಿಗೆ ಸೇರಿಸಿದ್ದಾರೆ. ಇಂಟೀರಿಯರ್ ಸವಕಳಿಯೂ 9 ವರ್ಷ. ಒಂದೇ ಅಂಗಡಿ, ಒಂದೇ ಕಂಪನಿ, ಎರಡು ಅವಧಿ! ಮೂರೂ ಪ್ರಿಂಟ್ ಒಂದೇ ಹಾಳೆಗೆ ಅಂಟಿಸಿ ಮೇಡಂಗೆ ಕೊಟ್ಟೆ. ಈ ಸಲ ಕೆಳಗೆ ಏನೂ ಬರೆಯದೆ ಟಿಕ್ ಹಾಕಿದರು.

ವೋಚರ್_ವಾಸಣ್ಣ

ಆ ಟಿಕ್ ಫ್ರೇಮ್ ಹಾಕಿಸಿ.

ಒಂದು ಸಣ್ಣ ಮಾತು. ಡೆಪಾಸಿಟ್‌ಗೂ ಅದೇ 9% ಹಾಕಿದ್ದಾರೆ ಅಲ್ವಾ? ಡೆಪಾಸಿಟ್ ಅಂದರೆ ಕಂಪನಿ ಮಾಲೀಕರಿಗೆ ಕೊಟ್ಟ ಸಾಲ. ಅಲ್ಲಿ ನೋಡಬೇಕಾದ್ದು ಮಾಲೀಕರ ಸಾಲದ ದರ, ಕಂಪನಿಯದ್ದಲ್ಲ. ದೊಡ್ಡ ಮೊತ್ತ ಆಗಲ್ಲ, ಆದರೂ ಬರೆದಿಡಿ.

ಫೈನಾನ್ಸ್_ಗೌಡ್ರು

ಕ್ಲೈಂಟ್ ಪರವಾಗಿ ಒಂದು ಮಾತು. 9 ಅಂತ ಒಪ್ಪಿಸೋ ಮೊದಲು, ಈ ಚೈನ್ ಹಿಂದೆ ಎಷ್ಟು ಅಂಗಡಿಗಳನ್ನು ನಾಲ್ಕೈದು ವರ್ಷಕ್ಕೇ ಮುಚ್ಚಿದೆ ನೋಡಿ. ಔಷಧಿ ಅಂಗಡಿ ಆಸ್ಪತ್ರೆಯನ್ನು ನಂಬಿ ಇರೋದು. ಎದುರಿನ ನರ್ಸಿಂಗ್ ಹೋಂ ಬೇರೆ ಕಡೆ ಹೋದರೆ ಅಂಗಡಿಯೂ ಹೋಗುತ್ತೆ. ಹಾಗಾದರೆ 6 ಯಾಕಾಗಬಾರದು? ಶೀಟ್‌ಗಳು ಒಂದಕ್ಕೊಂದು ಹೊಂದಲ್ಲ ಅನ್ನೋದು ತಪ್ಪು, ಒಪ್ಪಿದೆ. ಆದರೆ ಸರಿಯಾದ ಉತ್ತರ 9 ಅಂತ ಅದರಿಂದ ಸಾಬೀತಾಗಲ್ಲ.

ವೋಚರ್_ವಾಸಣ್ಣ

ಇದು ನ್ಯಾಯವಾದ ಮಾತು. 3ರ ನಂತರ ಪ್ರತಿ ಹಂತಕ್ಕೂ ಮುಚ್ಚಿದ ಇತಿಹಾಸ ಕೇಳಿ. ಆದರೆ 6 ಅಂದರೆ ಇಂಟೀರಿಯರ್, ಡೆಪಾಸಿಟ್ ಎರಡೂ 6ಕ್ಕೆ ಬರಬೇಕು, ಗೌಡ್ರೆ.

ಫೈನಾನ್ಸ್_ಗೌಡ್ರು

ಬರಲಿ. ನಮ್ಮ ಎಂಡಿ ಮಾತ್ರ ಸವಕಳಿ ಜಾಸ್ತಿ ಆಯಿತು ಅಂತ ಕೂಗುತ್ತಾರೆ.

ಟ್ಯಾಲಿ_ರಾಜ

ಆ ಮೂರು 11 ತಿಂಗಳ ಅಂಗಡಿ ಕಥೆ ಏನಾಯಿತು?

ಆರ್ಟಿಕಲ್_ಹುಬ್ಬಳ್ಳಿ

ಒಂದಕ್ಕೆ 2017ರಿಂದ ಪ್ರತಿ ವರ್ಷ ಹೊಸ ಸ್ಟಾಂಪ್ ಪೇಪರ್, ಇಂಟೀರಿಯರ್‌ಗೆ 14 ಲಕ್ಷ ಹೋದ ವರ್ಷವಷ್ಟೇ ಹಾಕಿದ್ದಾರೆ. ಅದನ್ನು ರಿಜಿಸ್ಟರ್‌ಗೆ ತರೋಕೆ ಕ್ಲೈಂಟ್ ಗೊಣಗಿಕೊಂಡು ಒಪ್ಪಿದರು, ಎಷ್ಟು ವರ್ಷ ಅನ್ನೋದು ಇನ್ನೂ ಚರ್ಚೆಯಲ್ಲಿದೆ. ಎರಡನೆಯದು ಗೌಡ್ರು ಸರ್ ಹೇಳಿದ ಹಾಗೆ ಬರೀ ಕೌಂಟರ್, ಬಿಟ್ಟೆವು. ಮೂರನೆಯದಕ್ಕೆ ಅಗ್ರಿಮೆಂಟೇ ಸಿಗ್ತಿಲ್ಲ. ಬಾಡಿಗೆ 46,000 ಹೋಗ್ತಿದೆ, ಕಾಗದದಲ್ಲಿ 35,000 ಅಂತೆ, ಏರಿಯಾ ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ.

ಎರಡನೇ_ಗ್ರೂಪ್

ಒಂದು ನಿಮಿಷ. 46,000? 35,000?

ಬಾಡಿಗೆ_ಮಾಲೀಕ

ಆ ಅಂಗಡಿ ದಾವಣಗೆರೆಯಲ್ಲಿದೆಯಾ ತಾಯಿ?

ಆರ್ಟಿಕಲ್_ಹುಬ್ಬಳ್ಳಿ

ಅಯ್ಯೋ. ಆ ಅಂಕಿಗಳನ್ನು ರೌಂಡ್ ಮಾಡೋದು ಮರೆತೆ. ಇನ್ನು ನಾನು ಇಲ್ಲಿ ಏನೂ ಹೇಳೋ ಹಾಗಿಲ್ಲ ಸರ್, ಆಫೀಸಿನವರೇ ಪತ್ರ ಬರೆಯುತ್ತಾರೆ, ಬೇಕಾದವರಿಗೆ.

ಬಾಡಿಗೆ_ಮಾಲೀಕ

ಬರೆಯಲಿ. ಬರೆಯುವಾಗ ಗೋಡೌನ್ ಬಾಗಿಲು ರಿಪೇರಿ ಯಾರು ಮಾಡಿಸಬೇಕು ಅನ್ನೋದನ್ನೂ ಸೇರಿಸಿ ಅಂತ ಹೇಳಿ, ಒಂದು ವರ್ಷದಿಂದ ಕೇಳ್ತಿದ್ದೇನೆ.